ಭೇಟಿಯ ಸಮಯ ಪದೇ ಪದೇ ಬದಲಾಗುತ್ತಿದ್ದರೆ ಗ್ರಾಹಕರಿಗೆ ಹೇಳುವುದು ಹೇಗೆ?

ಅಂಬಲಪಾಡಿ ವಿನ್ಯಾಸಕಿ:
ಉಡುಪಿಯಲ್ಲಿ ಮನೆ ವಿನ್ಯಾಸದ ಸಣ್ಣ ಕಚೇರಿ ನಡೆಸುತ್ತಿದ್ದೇನೆ. ಮಂಗಳೂರಿನಲ್ಲಿ ಉದ್ಯೋಗದಲ್ಲಿರುವ ಗ್ರಾಹಕರೊಬ್ಬರು ಮೂಲ್ಕಿಯಲ್ಲಿ ಮನೆ ಕಟ್ಟಿಸುತ್ತಿದ್ದಾರೆ. ಗೋಡೆಗಳ ಮೇಲೆ ಸ್ವಿಚ್ ಬೋರ್ಡ್ ಮತ್ತು ನಲ್ಲಿಗಳ ಜಾಗ ಗುರುತಿಸುವ ಭೇಟಿಯ ಸಮಯವನ್ನು ಅವರು ಮೂರು ಬಾರಿ ಬದಲಾಯಿಸಿದರು. ಮೂರನೆಯ ಸಲ ನಾನು ಪಡುಬಿದ್ರಿ ತಲುಪಿದ್ದೆ, ಇಲೆಕ್ಟ್ರಿಷಿಯನ್ ಮತ್ತು ಪ್ಲಂಬರ್ ಸೈಟಿನಲ್ಲಿ ಕಾಯುತ್ತಿದ್ದರು, ಭೇಟಿಗೆ ನಲವತ್ತು ನಿಮಿಷ ಉಳಿದಿತ್ತು. ಅವರು ನನ್ನ ತಂದೆಯ ಪರಿಚಿತರು, ಹಿರಿಯರು, ಹಣ ಕೊಡುವುದರಲ್ಲಿ ಒಮ್ಮೆಯೂ ತಡಮಾಡಿದವರಲ್ಲ. ಇನ್ನು ಮುಂದೆ ಬೇಗನೆ ತಿಳಿಸಬೇಕೆಂದು ಅವರ ಮನಸ್ಸಿಗೆ ನೋವಾಗದಂತೆ ಹೇಗೆ ಹೇಳಲಿ? ಒಂದು ಸಂದೇಶ ಬರೆದಿದ್ದೇನೆ, ಇನ್ನೂ ಕಳುಹಿಸಿಲ್ಲ: "ಸರ್, ಕ್ಷಮಿಸಿ, ನೀವು ಈಗಾಗಲೇ ಮೂರು ಬಾರಿ ಸಮಯ ಬದಲಾಯಿಸಿದ್ದೀರಿ. ಸಾಧ್ಯವಾದರೆ ಇನ್ನು ಮುಂದೆ ಸ್ವಲ್ಪ ಮುಂಚಿತವಾಗಿ ತಿಳಿಸಿ."

ಸುರತ್ಕಲ್ ಓದುಗ:
ಮಾತಿನಿಂದ ಇದು ಸರಿಹೋಗುವುದಿಲ್ಲ. ಇಪ್ಪತ್ತನಾಲ್ಕು ಗಂಟೆಗಿಂತ ಕಡಿಮೆ ಅವಧಿಯಲ್ಲಿ ಬದಲಾಯಿಸಿದರೆ ಒಂದು ಸಾವಿರ ರೂಪಾಯಿ ಎಂದು ನೇರವಾಗಿ ತಿಳಿಸಿ. ಕೆಲಸದವರ ಅರ್ಧ ದಿನ ಹಾಳಾಗುವುದು ನಿಜವಾದ ನಷ್ಟ, ಅದನ್ನು ನೀವು ಏಕೆ ಭರಿಸಬೇಕು? ಬೆಲೆ ಕಂಡ ಮೇಲೆ ಸಮಯದ ನೆನಪು ತಾನಾಗಿ ಬರುತ್ತದೆ.

ಕದ್ರಿಯ ಹಳಬ:
ಮಂಗಳೂರಿನ ಒಂದು ಸಲಹೆಗಾರರ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ಭೇಟಿಗಳ ಡೈರಿ ನೋಡಿಕೊಂಡಿದ್ದೇನೆ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮೊದಲಿಗೆ ನಿಮ್ಮದೇ ಹಳೆಯ ಸಂದೇಶಗಳನ್ನು ತೆರೆದು ನೋಡಿ. ಹಿಂದಿನ ಬದಲಾವಣೆಗಳಿಗೆ ನೀವು "ಪರವಾಗಿಲ್ಲ ಸರ್" ಎಂದು ಉತ್ತರಿಸಿದ್ದರೆ, ಬದಲಾವಣೆಯಿಂದ ಯಾರಿಗೂ ತೊಂದರೆಯಿಲ್ಲವೆಂದೇ ಅವರು ತಿಳಿದಿರುತ್ತಾರೆ. ಸೈಟಿನಲ್ಲಿ ಕಾಯುತ್ತಿದ್ದ ಇಬ್ಬರನ್ನು ಅವರು ಕಂಡಿಲ್ಲ, ನೀವು ಹೇಳಿಯೂ ಇಲ್ಲ. ಹಾಗಿರುವಾಗ "ಮೂರು ಬಾರಿ ಬದಲಾಯಿಸಿದ್ದೀರಿ" ಎಂಬ ಲೆಕ್ಕ ಅವರಿಗೆ ಇದ್ದಕ್ಕಿದ್ದಂತೆ ಬಂದ ಆರೋಪವಾಗಿ ಕೇಳಿಸುತ್ತದೆ. ಆ ವಾಕ್ಯವನ್ನು ತೆಗೆದುಬಿಡಿ.

ಇನ್ನು ಎರಡನೆಯ ವಾಕ್ಯ. ಅದರಲ್ಲಿ "ಸಾಧ್ಯವಾದರೆ" ಇದೆ, "ಸ್ವಲ್ಪ" ಇದೆ, "ಮುಂಚಿತವಾಗಿ" ಇದೆ, ಆದರೆ ಗಡಿಯಾರದ ಒಂದು ಅಂಕಿಯೂ ಇಲ್ಲ. ನಲವತ್ತು ನಿಮಿಷದ ಬದಲು ಮುಂದಿನ ಸಲ ಅವರು ಎರಡು ಗಂಟೆ ಮುಂಚೆ ತಿಳಿಸಿದರೆ ನಿಮ್ಮ ಮಾತನ್ನು ಅಕ್ಷರಶಃ ಪಾಲಿಸಿದಂತಾಯಿತು, ಆದರೂ ಇಲೆಕ್ಟ್ರಿಷಿಯನ್ ಅಷ್ಟರಲ್ಲಿ ಮನೆಯಿಂದ ಹೊರಟಿರುತ್ತಾನೆ. ಮರ್ಯಾದೆಯನ್ನು "ನಮಸ್ಕಾರ ಸರ್" ಮತ್ತು "ವಿನಂತಿ" ಎಂಬ ಪದಗಳೇ ಹೊರುತ್ತವೆ, ಅದಕ್ಕಾಗಿ ಷರತ್ತನ್ನು ಮಸುಕುಗೊಳಿಸಬೇಕಾಗಿಲ್ಲ. ಹೆಚ್ಚಿನವರು ಎಡವುವುದು ಇಲ್ಲಿಯೇ.

ಗಡುವನ್ನು ಎಲ್ಲಿಡಬೇಕು ಎಂಬುದಕ್ಕೂ ಒಂದು ಕಾರಣ ಬೇಕು. ನಿಮ್ಮ ಕೆಲಸದವರು ಮರುದಿನ ಯಾವ ಸೈಟಿಗೆ ಹೋಗಬೇಕೆಂಬುದನ್ನು ಯಾವಾಗ ನಿಶ್ಚಯಿಸುತ್ತಾರೆ? ನಾನು ಕಂಡಂತೆ ಹಿಂದಿನ ದಿನ ಸಂಜೆ ಆರರ ಹೊತ್ತಿಗೆ, ಕೆಲಸ ಮುಗಿಸಿ ಹೊರಡುವಾಗ. ಆ ಕ್ಷಣ ಕಳೆದ ಮೇಲೆ ಅವರು ಬೇರೆ ಕೆಲಸ ಬಿಟ್ಟು ನಿಮ್ಮದನ್ನು ಒಪ್ಪಿಕೊಂಡಿರುತ್ತಾರೆ, ನಷ್ಟ ಶುರುವಾಗುವುದು ಅಲ್ಲಿಂದ. ಆದ್ದರಿಂದ ನಿಮ್ಮ ಗಡುವು ಸಂಜೆ 5 ಗಂಟೆ. ಸುರತ್ಕಲ್‌ನವರು ಹೇಳಿದ ಇಪ್ಪತ್ತನಾಲ್ಕು ಗಂಟೆಯ ಲೆಕ್ಕ ಕೇಳಲು ಅಚ್ಚುಕಟ್ಟಾಗಿದೆ, ಆದರೆ ಸೋಮವಾರ ಹತ್ತು ಗಂಟೆಯ ಭೇಟಿಗೆ ಅದು ಭಾನುವಾರ ಹತ್ತಕ್ಕೆ ಬೀಳುತ್ತದೆ, ಅಂದು ಯಾರು ಸಂದೇಶ ನೋಡುತ್ತಾರೆ, ಯಾರು ಪ್ಲಂಬರನ್ನು ಹುಡುಕುತ್ತಾರೆ? "ಹಿಂದಿನ ಕೆಲಸದ ದಿನದ ಸಂಜೆ 5" ಎಂದರೆ ಸೋಮವಾರದ ಭೇಟಿಗೆ ಶನಿವಾರ ಸಂಜೆ ಎಂದಾಗುತ್ತದೆ, ಗಂಟೆ ಎಣಿಸುವ ಅಗತ್ಯವೂ ಇರುವುದಿಲ್ಲ.

ದಂಡದ ಮಾತು ಅರ್ಧ ಸರಿ. ನಷ್ಟ ನಿಜ, ಆದರೆ ಒಪ್ಪಂದದಲ್ಲಿಲ್ಲದ ಶುಲ್ಕವನ್ನು ಕೆಲಸದ ನಡುವೆ ಒಬ್ಬರೇ ಸೇರಿಸಲು ಬರುವುದಿಲ್ಲ, ಅವರೂ ಒಪ್ಪಬೇಕು. ಒಪ್ಪಂದದಲ್ಲಿ ಮೊತ್ತ ಬರೆದಿದ್ದರೂ, ವ್ಯಾಜ್ಯವಾದರೆ 1872ರ ಭಾರತೀಯ ಕರಾರು ಕಾಯ್ದೆಯ 74ನೆಯ ಕಲಮಿನ ಪ್ರಕಾರ ಸಿಗುವುದು ಆ ಮೊತ್ತವನ್ನು ಮೀರದ ಸಮಂಜಸ ಪರಿಹಾರ ಮಾತ್ರ. ಮುಂದಿನ ಗ್ರಾಹಕರ ಒಪ್ಪಂದದಲ್ಲಿ ಬೇಕಿದ್ದರೆ ಸೇರಿಸಿ. ಈಗಿನವರಿಗೆ ಹಣಕ್ಕಿಂತ ದಿನಾಂಕವೇ ಹೆಚ್ಚು ಕೆಲಸ ಮಾಡುತ್ತದೆ: ಗಡುವು ಮೀರಿದರೆ ಇಬ್ಬರೂ ಒಟ್ಟಿಗೆ ಸಿಗುವ ಮುಂದಿನ ದಿನ ಯಾವುದೆಂದು ಹೇಳಿ. ಅದು ಶಿಕ್ಷೆಯಲ್ಲ, ವಾಸ್ತವ. ಜಾಗ ಗುರುತಾಗದೆ ಗೋಡೆ ಕೊರೆಯುವಂತಿಲ್ಲ, ಕೊರೆದು ಪೈಪು ಕೂರಿಸದೆ ಸಾರಣೆ ಮಾಡುವಂತಿಲ್ಲ ಎಂಬುದು ಮನೆ ಕಟ್ಟಿಸುವವರಿಗೆ ತಕ್ಷಣ ಅರ್ಥವಾಗುತ್ತದೆ.

ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ:

"ನಮಸ್ಕಾರ ಸರ್. ಶನಿವಾರ ಬೆಳಿಗ್ಗೆ 10ಕ್ಕೆ ಮೂಲ್ಕಿಯ ಸೈಟಿನಲ್ಲಿ ಭೇಟಿಯಾಗೋಣ, ಇಲೆಕ್ಟ್ರಿಷಿಯನ್ ಮತ್ತು ಪ್ಲಂಬರ್ ಕೂಡ ಬರುತ್ತಾರೆ. ಮರುದಿನದ ಕೆಲಸವನ್ನು ಅವರು ಹಿಂದಿನ ಸಂಜೆಯೇ ನಿಶ್ಚಯಿಸಿಕೊಳ್ಳುವುದರಿಂದ, ಸಮಯ ಬದಲಿಸಬೇಕಾಗಿ ಬಂದರೆ ಶುಕ್ರವಾರ ಸಂಜೆ 5ರ ಒಳಗೆ ತಿಳಿಸಬೇಕೆಂದು ವಿನಂತಿ. ಆ ನಂತರವಾದರೆ ಇಬ್ಬರೂ ಒಟ್ಟಿಗೆ ಸಿಗುವುದು ಮುಂದಿನ ಬುಧವಾರ. ಇನ್ನು ಮುಂದಿನ ಭೇಟಿಗಳಿಗೂ ಹಿಂದಿನ ಕೆಲಸದ ದಿನದ ಸಂಜೆ 5 ಗಂಟೆ ಎಂದು ಇಟ್ಟುಕೊಳ್ಳೋಣ. ಮನೆಯಲ್ಲಿ ತುರ್ತು ಏನಾದರೂ ಬಂದರೆ ಯಾವ ಹೊತ್ತಿಗಾದರೂ ಫೋನ್ ಮಾಡಿ."

ಇದನ್ನು ಅವರ ಬದಲಾವಣೆಯ ಸಂದೇಶಕ್ಕೆ ಉತ್ತರವಾಗಿ ಕಳುಹಿಸಬೇಡಿ. ಮುಂದಿನ ಭೇಟಿಯನ್ನು ಖಚಿತಪಡಿಸುವ ಸಂದೇಶವಾಗಿ ಹೋಗಲಿ. ಆಗ ಅದು ಕಳೆದುಹೋದ ವಿಷಯದ ದೂರಾಗದೆ, ಮುಂದಿನ ವ್ಯವಸ್ಥೆಯಾಗಿ ಓದಿಸಿಕೊಳ್ಳುತ್ತದೆ.

ಮಲ್ಪೆ ಕ್ಲಿನಿಕ್ ಸ್ವಾಗತಕಾರಿಣಿ:
ನಮ್ಮ ದಂತ ಚಿಕಿತ್ಸಾಲಯದಲ್ಲಿಯೂ ಇದೇ ತೊಂದರೆ ಇತ್ತು. ಸಮಯ ಪಡೆದವರು ಮರೆತು ಬಾರದೇ ಇರುತ್ತಿದ್ದರು. ಹಿಂದಿನ ದಿನ ಒಂದು ನೆನಪಿನ ಸಂದೇಶ ಕಳುಹಿಸಲು ಆರಂಭಿಸಿದ ಮೇಲೆ ಬಹಳ ಸುಧಾರಿಸಿತು. ನೀವೂ ಹಾಗೆಯೇ ಮಾಡಿ ಅಕ್ಕ, ಬೇರೆ ಏನೂ ಬೇಡ.

ಕದ್ರಿಯ ಹಳಬ:
ನಿಮ್ಮಲ್ಲಿಗೆ ಬರುವವರು ಮರೆಯುತ್ತಿದ್ದರು. ಈ ಗ್ರಾಹಕರು ಮರೆತಿಲ್ಲ, ನೆನಪಿಟ್ಟುಕೊಂಡೇ ಬದಲಾಯಿಸುತ್ತಿದ್ದಾರೆ. ಬರಿಯ ನೆನಪಿನ ಸಂದೇಶ ರಾತ್ರಿ ಎಂಟಕ್ಕೆ ಹೋದರೆ, "ನಾಳೆ ಆಗುವುದಿಲ್ಲ" ಎಂದು ಹೇಳಲು ನಾವೇ ಅವಕಾಶ ಕೊಟ್ಟಂತಾಗುತ್ತದೆ. ಆದರೂ ನಿಮ್ಮ ಮಾತಿನಿಂದ ಒಂದು ಉಪಯೋಗವಿದೆ: ಅದೇ ಸಂದೇಶವನ್ನು ಗಡುವಿಗೆ ಮೊದಲು, ಮಧ್ಯಾಹ್ನ ಎರಡು ಗಂಟೆಗೆ ಕಳುಹಿಸಿ "ನಾಳೆಯ 10 ಗಂಟೆ ಖಚಿತವೇ ಸರ್? ಐದರ ನಂತರ ಕೆಲಸದವರಿಗೆ ಹೇಳಿಬಿಡುತ್ತೇನೆ" ಎಂದು ಕೇಳಿದರೆ ಒಳ್ಳೆಯದು.

ಬೈಕಂಪಾಡಿ ಪಾಳಿಯವನು:
ಗ್ರಾಹಕರ ಕಡೆಯಿಂದಲೂ ಒಬ್ಬರು ಮಾತನಾಡಬೇಕು. ನಾನು ಕಾರ್ಖಾನೆಯಲ್ಲಿ ಪಾಳಿಯ ಕೆಲಸ ಮಾಡುತ್ತೇನೆ, ಕಳೆದ ವರ್ಷ ಮನೆ ಕಟ್ಟಿಸಿದೆ. ಬದಲಿ ಬರಬೇಕಾದವನು ಬಾರದಿದ್ದರೆ ನನ್ನ ಪಾಳಿ ಮುಂದುವರಿಯುತ್ತದೆ, ಅದು ನನಗೆ ಗೊತ್ತಾಗುವುದು ಬೆಳಿಗ್ಗೆ ಆರಕ್ಕೆ. ಹಿಂದಿನ ದಿನ ಐದು ಗಂಟೆಯ ಗಡುವನ್ನು ನಾನು ಎಷ್ಟು ಮನಸ್ಸಿಟ್ಟರೂ ಪಾಲಿಸಲಾರೆ, ಅದನ್ನು ಯಾರಾದರೂ ಅಶಿಸ್ತು ಎಂದುಕೊಂಡರೆ ಬೇಸರವಾಗುತ್ತದೆ. ಮೇಡಂ, ಅವರಿಗೆ ಬದಲಾಯಿಸಬೇಕಾಗಿ ಬರುವುದು ಏಕೆಂದು ನೀವು ಕೇಳಿದ್ದೀರಾ?

ಅಂಬಲಪಾಡಿ ವಿನ್ಯಾಸಕಿ:
ಕೇಳಿರಲಿಲ್ಲ. ನಿಮ್ಮ ಪ್ರಶ್ನೆಯ ನಂತರ ಹಳೆಯ ಸಂದೇಶಗಳನ್ನು ನೋಡಿದೆ. ಎರಡು ಬಾರಿ "ಆಡಿಟ್ ಇದೆ", ಒಂದು ಬಾರಿ "ಮೇಲಧಿಕಾರಿಗಳು ಬರುತ್ತಿದ್ದಾರೆ" ಎಂದಿದೆ. ಮೂರಕ್ಕೂ ನಾನು "ಪರವಾಗಿಲ್ಲ ಸರ್, ಯಾವಾಗ ಬೇಕಾದರೂ ಆಗಬಹುದು" ಎಂದು ಬರೆದಿದ್ದೇನೆ. ಪಡುಬಿದ್ರಿಯಲ್ಲಿ ರಸ್ತೆ ಬದಿ ಕಾರು ನಿಲ್ಲಿಸಿ ಕಳುಹಿಸಿದ್ದೂ ಅದನ್ನೇ.

ಕದ್ರಿಯ ಹಳಬ:
"ಯಾವಾಗ ಬೇಕಾದರೂ" ಎಂಬ ಮಾತನ್ನು ಮೊದಲು ಬಿಡಬೇಕು. ಅದರ ಬದಲು "ಮಂಗಳವಾರ ಹತ್ತು ಅಥವಾ ಗುರುವಾರ ಮೂರು, ಯಾವುದು ಅನುಕೂಲ?" ಎಂದು ಎರಡೇ ಸಮಯಗಳನ್ನು ಮುಂದಿಡಿ.

ಪಾಳಿಯಲ್ಲಿರುವವರ ಮಾತನ್ನು ನಾನು ಒಪ್ಪುತ್ತೇನೆ, ಅಂಥವರಿಗೆ ಗಡುವಿನಿಂದ ಪ್ರಯೋಜನ ಕಡಿಮೆ. ನಮ್ಮ ಕಚೇರಿಯಲ್ಲಿ ಅಂಥವರಿಗೆ ಸಮಯ ಕೊಡುವಾಗಲೇ, "ನಿಮಗೆ ಬರಲಾಗದಿದ್ದರೆ ನಿಮ್ಮ ಪರವಾಗಿ ತೀರ್ಮಾನ ಹೇಳುವವರು ಯಾರು?" ಎಂದು ಕೇಳುತ್ತಿದ್ದೆವು. ಮೂಲ್ಕಿಯ ಮನೆಗೆ ಅವರ ಪತ್ನಿಯೋ ಅಣ್ಣನೋ ಬಂದು ಸ್ವಿಚ್ ಬೋರ್ಡಿನ ಜಾಗ ಒಪ್ಪಿದರೆ ಭೇಟಿ ಮುಂದೆ ಹೋಗಬೇಕಾಗಿಲ್ಲ. ಆದರೆ ಬಂದವರ ತೀರ್ಮಾನವೇ ಅಂತಿಮ ಎಂದು ಗ್ರಾಹಕರಿಂದ ಬರಹದಲ್ಲಿ ಒಂದು ಸಾಲು ಪಡೆದಿರಬೇಕು, ಇಲ್ಲವಾದರೆ ಸಾರಣೆಯ ಮೇಲೆ ಮತ್ತೆ ಕೊರೆಯಬೇಕಾದೀತು.

ಕಾಪು ಲೆಕ್ಕಪತ್ರ:
ಹಿರಿಯರಿಗೆ ಇಂಥ ವಿಷಯವನ್ನು ಸಂದೇಶದಲ್ಲಿ ಹೇಳುವುದು ಸರಿಯೇ? ನಮ್ಮ ಕಡೆ ಮೊದಲು ಫೋನ್ ಮಾಡಿ ಮಾತನಾಡಿ, ಆಮೇಲೆ ಬರಹದಲ್ಲಿ ಖಚಿತಪಡಿಸುವುದು ಮರ್ಯಾದೆ. ತಂದೆಯವರ ಪರಿಚಿತರೆಂದ ಮೇಲಂತೂ ಬರಿಯ ಸಂದೇಶ ಒಣಗಿದಂತೆ ಕಾಣುತ್ತದೆ.

ಅಂಬಲಪಾಡಿ ವಿನ್ಯಾಸಕಿ:
ಫೋನಿನಲ್ಲಾದರೆ ಅವರು "ಹೇಗಿದ್ದೀ ಮಗಳೇ" ಎಂದು ಆರಂಭಿಸುತ್ತಾರೆ, ಆ ಮೇಲೆ ನನ್ನಿಂದ ಐದು ಗಂಟೆಯ ಮಾತು ಹೊರಡುವುದೇ ಇಲ್ಲ. ಆದ್ದರಿಂದ ಸಂದೇಶವನ್ನೇ ಕಳುಹಿಸಿದೆ. ಹಳಬರು ಬರೆದುಕೊಟ್ಟ ವಾಕ್ಯಗಳನ್ನು ಬಹುತೇಕ ಹಾಗೆಯೇ ಇಟ್ಟು, ಕೊನೆಯಲ್ಲಿ "ನಿಮಗೆ ಬರಲಾಗದ ದಿನ ಆಂಟಿಯವರು ಬಂದು ನೋಡಿದರೂ ಆಗಬಹುದು" ಎಂದು ಸೇರಿಸಿದೆ.

ಕಾಪು ಲೆಕ್ಕಪತ್ರ:
ನಾನಾಗಿದ್ದರೆ ಆದರೂ ಫೋನ್ ಮಾಡುತ್ತಿದ್ದೆ. ಅವರೇನು ಉತ್ತರಿಸಿದರು?

ಅಂಬಲಪಾಡಿ ವಿನ್ಯಾಸಕಿ:
"ಕೆಲಸದವರು ಬಂದು ಕಾಯುತ್ತಿದ್ದರು ಎಂದು ನನಗೆ ತಿಳಿದಿರಲಿಲ್ಲ, ಮೊದಲೇ ಹೇಳಬಾರದಿತ್ತೇ" ಎಂದು ಬರೆದರು. ಶನಿವಾರ ಹತ್ತಕ್ಕೆ ಐದು ನಿಮಿಷ ಇರುವಾಗಲೇ ಬಂದಿದ್ದರು, ಆಂಟಿಯೂ ಬಂದಿದ್ದರು. ಅಡುಗೆಮನೆಯ ಬೋರ್ಡುಗಳ ಜಾಗವನ್ನು ಹೇಳಿದ್ದು ಅವರೇ.

ಈಗ ಒಂದು ಹೊಸ ಪ್ರಶ್ನೆ ಎದ್ದಿದೆ. ಟೈಲ್ಸ್ ಆರಿಸುವ ಮುಂದಿನ ಭೇಟಿ ಮಂಗಳವಾರ ಹನ್ನೊಂದಕ್ಕೆ ಇದೆ. ನಿನ್ನೆ, ಅಂದರೆ ಸೋಮವಾರ, ಸಂಜೆ ಆರೂಕಾಲಿಗೆ "ಮಧ್ಯಾಹ್ನ ಮೂರಕ್ಕೆ ಇಟ್ಟುಕೊಳ್ಳಬಹುದೇ" ಎಂದು ಕೇಳಿದ್ದಾರೆ. ಗಡುವು ಒಂದೂಕಾಲು ಗಂಟೆ ಮೀರಿದೆ. ಈ ಭೇಟಿಗೆ ಕೆಲಸದವರು ಯಾರೂ ಬರುವುದಿಲ್ಲ, ನನಗೂ ಮೂರು ಗಂಟೆ ಬಿಡುವಿದೆ. ಇನ್ನೂ ಉತ್ತರಿಸಿಲ್ಲ. ಒಪ್ಪಿದರೆ ಗಡುವು ಸಡಿಲವಾಗುವುದಿಲ್ಲವೇ?

ಸುರತ್ಕಲ್ ಓದುಗ:
ಖಂಡಿತ ಸಡಿಲವಾಗುತ್ತದೆ. ಒಪ್ಪಬೇಡಿ.

ಕದ್ರಿಯ ಹಳಬ:
ನಾನು ಒಪ್ಪುತ್ತಿದ್ದೆ. ನೀವು ಕೊಟ್ಟ ಕಾರಣ ಕೆಲಸದವರದು, ಅವರು ಇಲ್ಲದ ಭೇಟಿಯಲ್ಲಿ ಆ ಕಾರಣವೂ ಇಲ್ಲ, ಅದು ಅವರಿಗೂ ಗೊತ್ತು. ಆದರೆ "ಪರವಾಗಿಲ್ಲ" ಎನ್ನಬೇಡಿ. "ಇಂದು ಕೆಲಸದವರು ಬರುವುದಿಲ್ಲವಾದ್ದರಿಂದ ಮೂರು ಗಂಟೆ ಆಗಬಹುದು ಸರ್" ಎಂದು ಬರೆಯಿರಿ. ಗಂಟೆ ಹನ್ನೊಂದಾಗುವ ಮೊದಲು ಬರೆಯಿರಿ.

ಬೈಕಂಪಾಡಿ ಪಾಳಿಯವನು:
ಅವರು ಈ ಸಲ "ಇಟ್ಟುಕೊಳ್ಳಬಹುದೇ" ಎಂದು ಕೇಳಿದ್ದಾರೆ ಎಂಬುದನ್ನು ಗಮನಿಸಿ ಮೇಡಂ. ಮೊದಲಿನ ಮೂರು ಸಂದೇಶಗಳಲ್ಲಿ ಹಾಗೆ ಕೇಳಿದ್ದರೇ?