√x + √y ತುಷ್ಟಿಗುಣದಿಂದ ಪಡೆದ ಬೇಡಿಕೆ ರೇಖೆ ಬಜೆಟ್ಟಿಗೆ ಹೊಂದುತ್ತಿಲ್ಲ

ಎಂ.ಎ. ವಿದ್ಯಾರ್ಥಿನಿ:
ತುಷ್ಟಿಗುಣ U = √x + √y, ಆದಾಯ 120 ರೂಪಾಯಿ, y ಸರಕಿನ ಬೆಲೆ 2 ರೂಪಾಯಿ ಎಂದಿಟ್ಟುಕೊಂಡು x ಸರಕಿನ ಬೇಡಿಕೆ ರೇಖೆಯನ್ನು ಎಳೆಯಬೇಕಾಗಿದೆ. ಸೀಮಾಂತ ತುಷ್ಟಿಗುಣಗಳ ಅನುಪಾತವನ್ನು ಬೆಲೆಗಳ ಅನುಪಾತಕ್ಕೆ ಸಮೀಕರಿಸಿದಾಗ x = y(q/p)² ಎಂದು ಬಂತು; ಇಲ್ಲಿ p ಎಂಬುದು x ನ ಬೆಲೆ, q ಎಂಬುದು y ನ ಬೆಲೆ. p = 4 ಇದ್ದಾಗ ಬಜೆಟ್ ಸಮೀಕರಣವನ್ನೂ ಬಳಸಿ x = 10, y = 40 ಎಂದು ಪಡೆದೆ. ಬಳಿಕ p ಯನ್ನು 2ಕ್ಕೆ ಇಳಿಸಿ, y = 40 ಎಂಬುದನ್ನು ಹಾಗೆಯೇ ಉಳಿಸಿ, ಗ್ರಾಫ್ ಹಾಳೆಯಲ್ಲಿ x = 40ರ ಬಳಿ ಚುಕ್ಕೆ ಇಟ್ಟೆ. ಉತ್ತರ 30 ಎಂದು ಕೊಟ್ಟಿದ್ದಾರೆ. ನಾನು ಎಡವಿದ್ದೆಲ್ಲಿ?

ಬ್ಯಾಂಕ್ ಉದ್ಯೋಗಿ:
ಇಷ್ಟೆಲ್ಲ ಲೆಕ್ಕ ಬೇಕಿಲ್ಲ. ಎರಡೂ ಘಾತಾಂಕಗಳು ಸಮವಾಗಿರುವುದರಿಂದ ಆದಾಯದ ಅರ್ಧ ಭಾಗ x ಗೆ ಹೋಗುತ್ತದೆ, ಆದ್ದರಿಂದ x = 60/p. p = 2 ಆದಾಗ ಸರಿಯಾಗಿ 30 ಬರುತ್ತದೆ.

ನಿವೃತ್ತ ಉಪನ್ಯಾಸಕ:
ಆ ಸೂತ್ರವು √x ಮತ್ತು √y ಗಳನ್ನು ಗುಣಿಸಿದಾಗ ಸರಿ, ಕೂಡಿಸಿದಾಗ ಅಲ್ಲ. ಇಲ್ಲಿ 30 ಬಂದದ್ದು ಎರಡೂ ಬೆಲೆಗಳು ಸಮವಾಗಿರುವುದರಿಂದ ಮಾತ್ರ. p = 4 ಎಂದು ಹಾಕಿದರೆ ನಿಮ್ಮ ಸೂತ್ರ x = 15, y = 30 ಕೊಡುತ್ತದೆ; ಅದರ ತುಷ್ಟಿಗುಣ ಸುಮಾರು 9.35. ಅದೇ 120 ರೂಪಾಯಿಗೆ ಸಿಗುವ x = 10, y = 40 ರಲ್ಲಿ ಅದು ಸುಮಾರು 9.49.

ವಿದ್ಯಾರ್ಥಿನಿಯವರೇ, ನೀವು ಬರೆದ ಸಂಬಂಧ ಸರಿಯಾಗಿದೆ, ಆದರೆ ಅದು ಇನ್ನೂ ಬೇಡಿಕೆ ರೇಖೆಯಲ್ಲ, ಏಕೆಂದರೆ ಬಲಬದಿಯಲ್ಲಿ y ಉಳಿದುಕೊಂಡಿದೆ ಮತ್ತು x ಅಗ್ಗವಾದಾಗ ಗ್ರಾಹಕರು y ಯನ್ನೂ ಬದಲಿಸುತ್ತಾರೆ. ನಿಮ್ಮ ಚುಕ್ಕೆಯ ಖರ್ಚನ್ನು ಕೂಡಿಸಿ ನೋಡಿ: 80 + 80 = 160; ಕೈಯಲ್ಲಿರುವುದು 120. y = x(p/q)² ಎಂಬುದನ್ನು px + qy = M ನಲ್ಲಿ ಇಟ್ಟರೆ y ಕಳಚಿಹೋಗಿ ಹೀಗೆ ಸಿಗುತ್ತದೆ:

```
x = M q / ( p (p + q) )
```

p = 4 ಕ್ಕೆ 10, p = 2 ಕ್ಕೆ 30. x ಮೇಲಿನ ಖರ್ಚು 40 ರಿಂದ 60ಕ್ಕೆ ಏರುವುದನ್ನು ಗಮನಿಸಿ; ಗುಣಿಸಿದ ರೂಪದಲ್ಲಿ ಆ ಖರ್ಚು ಕದಲುವುದೇ ಇಲ್ಲ.

ಸಂಶೋಧನಾ ವಿದ್ಯಾರ್ಥಿ:
ಸರ್, ಇದೇ ಕ್ರಮವನ್ನು x² + y² ಗೆ ಬಳಸಿದಾಗ, p = 4 ಇರುವಾಗ ನನಗೆ x = 24, y = 12 ಬಂತು. ಬಜೆಟ್ ಕೂಡ ಸರಿಹೊಂದುತ್ತದೆ. ಇದನ್ನು ನಂಬಬಹುದೇ?

ನಿವೃತ್ತ ಉಪನ್ಯಾಸಕ:
ಬೇಡ. ಅಲ್ಲಿ ತುಷ್ಟಿಗುಣ 720. ಹಣವನ್ನೆಲ್ಲ y ಗೇ ಸುರಿದು 60 ಕೊಂಡರೆ 3600. ಘಾತಾಂಕ 1 ಅನ್ನು ಮೀರಿದಾಗ ಸಮತೃಪ್ತಿ ರೇಖೆ ಹೊರಕ್ಕೆ ಉಬ್ಬುತ್ತದೆ, ಆಗ ಬಜೆಟ್ ರೇಖೆ ಅದನ್ನು ಮುಟ್ಟುವ ಬಿಂದುವೇ ಅತಿ ಕೆಟ್ಟ ಆಯ್ಕೆಯಾಗುತ್ತದೆ. ತುದಿಗಳೆರಡನ್ನೂ ಹೋಲಿಸಿ ನೋಡಬೇಕು.

ಸಂಶೋಧನಾ ವಿದ್ಯಾರ್ಥಿ:
ಹಾಗಾದರೆ p = q = 2 ಆದಾಗ x ಗೆ 0 ಮತ್ತು 60 ಎರಡೂ ಸಮಾನ ಉತ್ತರಗಳು. ಒಂದೇ ಅಖಂಡ ರೇಖೆ ಬೇಕೆನ್ನುವ ಮಾರ್ಗದರ್ಶಕರಿಗೆ ಇದನ್ನು ಹೇಗೆ ಎಳೆದು ತೋರಿಸಲಿ?