ಮೈಕ್ರೋಮೀಟರ್ ಎಲ್ಲ ಕಡೆ 25.00 ತೋರಿಸುತ್ತದೆ, ಪಿನ್ ಮಾತ್ರ ಬುಷ್‌ಗೆ ಹೋಗುತ್ತಿಲ್ಲ

ಪ್ರಶ್ನೆ (ಲೇಥ್ ಶೆಡ್, ಬಳ್ಳಾರಿ): ಸರ್, ಹೊರಗೆ ಸೆಂಟರ್‌ಲೆಸ್ ಗ್ರೈಂಡಿಂಗ್ ಮಾಡಿಸಿ ತಂದ ಪಿನ್. ತಿರುಗಿಸಿ ತಿರುಗಿಸಿ ಅಳೆದೆ, ಎಲ್ಲ ಕಡೆ 25.00 ಮಿ.ಮೀ. ಬುಷ್‌ನ ತೂತು 25.01. ಆದರೂ ಒಳಗೆ ಹೋಗುತ್ತಿಲ್ಲ. ಮೈಕ್ರೋಮೀಟರ್ ಕೆಟ್ಟಿದೆಯಾ?

ಉತ್ತರ (ಟೂಲ್‌ರೂಮ್ ಇನ್‌ಸ್ಪೆಕ್ಟರ್, ತೋರಣಗಲ್ಲು): ಮೈಕ್ರೋಮೀಟರನ್ನು ಬೈಯಬೇಡಿ. ಪಿನ್ನೇ ದುಂಡಗಿಲ್ಲ ಅನಿಸುತ್ತದೆ.

ರಟ್ಟಿನ ಮೇಲೆ 6 ಸೆಂ.ಮೀ. ಬದಿಯ ಸಮಬಾಹು ತ್ರಿಕೋನ ಬರೆಯಿರಿ. ಒಂದು ಮೂಲೆಗೆ ಕೈವಾರ ಊರಿ, ಉಳಿದೆರಡು ಮೂಲೆಗಳನ್ನು ಸೇರಿಸುವ ಕಮಾನು ಎಳೆಯಿರಿ. ಮೂರೂ ಮೂಲೆಗಳಿಂದ ಹೀಗೇ ಮಾಡಿ ಕತ್ತರಿಸಿ. ಎರಡು ಸ್ಕೇಲ್‌ಗಳ ನಡುವೆ ಹೇಗೇ ತಿರುಗಿಸಿದರೂ ಅಗಲ 6 ಸೆಂ.ಮೀ. ಕಾರಣ ಸರಳ. ಒಂದು ಸ್ಕೇಲ್ ಮೂಲೆಗೆ ತಾಗಿದಾಗ, ಇನ್ನೊಂದು ಅದೇ ಮೂಲೆಯಿಂದ ಎಳೆದ ಕಮಾನಿಗೆ ತಾಗುತ್ತದೆ. ಮೈಕ್ರೋಮೀಟರ್ ನೋಡುವುದೂ ಎದುರುಬದುರಿನ ಎರಡೇ ಜಾಗ. ಮೂರು ಉಬ್ಬು ಇದ್ದರೆ ಉಬ್ಬಿನ ಎದುರಿಗೆ ತಗ್ಗು ಬರುತ್ತದೆ, ಅಳತೆ ಅಷ್ಟೇ ಇರುತ್ತದೆ.

90 ಡಿಗ್ರಿಯ ವಿ-ಬ್ಲಾಕ್ ಮೇಲೆ ಪಿನ್ ಇಟ್ಟು, ನೆತ್ತಿಗೆ ಡಯಲ್ ತಾಗಿಸಿ, ಒಂದು ಸುತ್ತು ತಿರುಗಿಸಿ. ಮುಳ್ಳು ಎಷ್ಟು ಆಡಿತು ಹೇಳಿ.

ಕಾಲೇಜು ವಿದ್ಯಾರ್ಥಿನಿ, ಕೊಪ್ಪಳ: ಸರ್, ನಮ್ಮ ಮಾವ ತಂದ ಬ್ರಿಟನ್ನಿನ 50 ಪೆನ್ಸ್ ನಾಣ್ಯಕ್ಕೆ ಏಳು ಮೂಲೆ. ಅದೂ ಇದೇನಾ?

ಟೂಲ್‌ರೂಮ್ ಇನ್‌ಸ್ಪೆಕ್ಟರ್: ಅದೇ ಕಣಮ್ಮ. 1969ರಲ್ಲಿ ಬಂತು, ಈಗಿನದರ ಅಗಲ 27.3 ಮಿ.ಮೀ. ಅದರ ಬದಿಗಳು ನೇರ ಅಲ್ಲ, ಸ್ವಲ್ಪ ಬಾಗಿವೆ. ನಾಣ್ಯ ಹಾಕುವ ಮೆಷಿನ್ ಅಗಲ ನೋಡುತ್ತದೆ. ಹೇಗೆ ಉರುಳಿ ಬಂದರೂ ಅಗಲ ಒಂದೇ, ಅದಕ್ಕೆ ಸಿಕ್ಕಿಬೀಳುವುದಿಲ್ಲ. ಕೈಯಲ್ಲಿ ಮುಟ್ಟಿದರೆ ದುಂಡು ನಾಣ್ಯ ಅಲ್ಲ ಅಂತ ಗೊತ್ತಾಗುತ್ತದೆ. ಮೂಲೆಗಳ ಸಂಖ್ಯೆ ಬೆಸವಾಗಿರಲೇಬೇಕು. ನಮ್ಮ 20 ರೂಪಾಯಿ ನಾಣ್ಯಕ್ಕೆ 12 ಮೂಲೆ, ಮೂಲೆಯ ಎದುರಿಗೆ ಮೂಲೆಯೇ ಬರುತ್ತದೆ. ಅಲ್ಲಿ ಈ ಆಟ ನಡೆಯಲ್ಲ.

ಗಣಿತ ಮೇಷ್ಟ್ರು, ರಾಯಚೂರು: ಇನ್ನೊಂದು ಸೊಗಸಿದೆ. ಇಂಥ ಯಾವ ಆಕಾರವಾದರೂ ಸುತ್ತಳತೆ ಅಗಲದ π ಪಟ್ಟು, ವೃತ್ತಕ್ಕೆ ಇರುವಷ್ಟೇ. ಬಾರ್ಬಿಯೇ 1860ರಲ್ಲಿ ತೋರಿಸಿದ್ದು. ಹಾಗಾದರೆ ಸಂಡೂರಿನ ಅದಿರು ಕನ್ವೇಯರ್‌ಗೂ ಇಂಥ ರೋಲರ್ ಹಾಕಬಹುದು, ಅಲ್ವಾ?

ಟೂಲ್‌ರೂಮ್ ಇನ್‌ಸ್ಪೆಕ್ಟರ್: ಸುತ್ತಳತೆ ಸರಿ ಮೇಷ್ಟ್ರೇ, ಕನ್ವೇಯರ್ ಸರಿಯಲ್ಲ. ನೆಲದ ಮೇಲೆ ಬಿಡಿಯಾಗಿ ಉರುಳುವ ರೋಲರ್ ಆದರೆ ಮೇಲಿನ ಹಲಗೆ ಕುಲುಕದೆ ಸಾಗುತ್ತದೆ, ಅಲ್ಲಿ ಅಗಲ ಸಮ ಇದ್ದರೆ ಸಾಕು. ಕನ್ವೇಯರ್ ರೋಲರ್‌ಗೆ ಅಚ್ಚು ಇದೆ. ನಮ್ಮ ರಟ್ಟಿನ ತುಂಡಿನಲ್ಲಿ ನಡುವಿನಿಂದ ಮೂಲೆಗೆ 3.46 ಸೆಂ.ಮೀ., ಕಮಾನಿನ ಮಧ್ಯಕ್ಕೆ 2.54. ಅಚ್ಚು ಗಟ್ಟಿಯಾಗಿ ನಿಂತರೆ ಬೆಲ್ಟ್ 9 ಮಿ.ಮೀ. ಹಾರುತ್ತದೆ. ಅಚ್ಚು ಇದ್ದ ಕಡೆ ವೃತ್ತವೇ ಬೇಕು.

ರೈಸ್‌ಮಿಲ್, ಗಂಗಾವತಿ: ನಮ್ಮ ಹಲ್ಲರ್‌ನ ರಬ್ಬರ್ ರೋಲ್ ಒಂದು ತುದಿಯಲ್ಲಿ ಜಾಸ್ತಿ ಸವೆದಿದೆ. ಅದೂ ಹೀಗೇ ಮೂರು ಮೂಲೆ ಆಗಿರುತ್ತದಾ ಅಣ್ಣ?

ಟೂಲ್‌ರೂಮ್ ಇನ್‌ಸ್ಪೆಕ್ಟರ್: ಇಲ್ಲಣ್ಣ, ಅದು ಬೇರೆ ಕಥೆ. ನಿಮ್ಮದು ಉದ್ದಕ್ಕೆ ಬಂದ ಸವೆತ. ಭತ್ತ ಎರಡೂ ತುದಿಗೆ ಸಮ ಬೀಳುತ್ತಿದೆಯಾ, ರೋಲ್‌ಗಳು ಒಂದಕ್ಕೊಂದು ನೇರ ಇವೆಯಾ ನೋಡಿ.

ಲೇಥ್ ಶೆಡ್, ಬಳ್ಳಾರಿ: ನೋಡಿದೆ ಸರ್. ಮುಳ್ಳು ಒಂದು ಸುತ್ತಿನಲ್ಲಿ ಮೂರು ಸಲ ಏರಿ ಇಳಿಯಿತು. ಒಟ್ಟು 0.04.

ಟೂಲ್‌ರೂಮ್ ಇನ್‌ಸ್ಪೆಕ್ಟರ್: ಸಿಕ್ಕಿತು. 90 ಡಿಗ್ರಿ ಬ್ಲಾಕಿನಲ್ಲಿ ಮೂರು ಉಬ್ಬಿನ ತಪ್ಪು ಎರಡರಷ್ಟು ಕಾಣುತ್ತದೆ. ಅಂದರೆ ಉಬ್ಬಿಗೂ ತಗ್ಗಿಗೂ ಅಂತರ 0.02. ಉಬ್ಬುಗಳು ಸರಾಸರಿಗಿಂತ 0.01 ಆಚೆ ನಿಂತಿವೆ. ಆ ಪಿನ್ ಹೋಗಬೇಕಾದರೆ 25.02ರ ತೂತು ಬೇಕು, ನಿಮ್ಮದು 25.01.

ಸೆಂಟರ್‌ಲೆಸ್‌ನಲ್ಲಿ ಪಿನ್ ಎರಡು ಚಕ್ರಗಳ ನಡುವೆ ಬ್ಲೇಡ್ ಮೇಲೆ ಕೂರುತ್ತದೆ. ಪಿನ್ನಿನ ನಡು ಚಕ್ರಗಳ ನಡುಗಳ ಗೆರೆಯಲ್ಲೇ ಕೂತರೆ, ಉಬ್ಬು ಒಂದು ಚಕ್ರಕ್ಕೆ ತಾಗಿದಾಗ ಎದುರಿನ ಜಾಗ ಗ್ರೈಂಡಿಂಗ್ ಚಕ್ರದಲ್ಲಿ ಹೆಚ್ಚು ತಿನ್ನಲ್ಪಟ್ಟು ತಗ್ಗಾಗುತ್ತದೆ. ಅಗಲ ಸಮ, ಆಕಾರ ಸೊಟ್ಟ. ಪಿನ್ನನ್ನು ಆ ಗೆರೆಗಿಂತ ಸ್ವಲ್ಪ ಮೇಲೆ ಕೂರಿಸಲು ಹೇಳಿ.

ಇನ್ನೊಂದು ಮಾತು. 90 ಡಿಗ್ರಿ ಬ್ಲಾಕಿಗೆ ಏಳು ಉಬ್ಬು ಕಾಣುವುದೇ ಇಲ್ಲ, ಮುಳ್ಳು ಸುಮ್ನೆ ನಿಂತಿರುತ್ತದೆ. ಅದನ್ನು 120 ಡಿಗ್ರಿ ಬ್ಲಾಕ್ ಹಿಡಿಯುತ್ತದೆ. ಎರಡರಲ್ಲೂ ನೋಡಿ.

ಲೇಥ್ ಶೆಡ್, ಬಳ್ಳಾರಿ: 120ರ ಬ್ಲಾಕ್ ನಮ್ಮಲ್ಲಿಲ್ಲ ಸರ್. ಗ್ರೈಂಡಿಂಗ್‌ನವರು ತಮ್ಮದೇನೂ ತಪ್ಪಿಲ್ಲ, ನಮ್ಮ ಲೇಥಿನ ಮೂರು ದವಡೆಯ ಚಕ್ ಹಿಂಡಿದ್ದೇ ಕಾರಣ ಅಂತಿದ್ದಾರೆ.

ಟೂಲ್‌ರೂಮ್ ಇನ್‌ಸ್ಪೆಕ್ಟರ್: ತೆಳು ಬಳೆಯಾದರೆ ಒಪ್ಪಬಹುದಿತ್ತು. ಗಟ್ಟಿ ಪಿನ್ನಿಗೆ ಆ ಮಾತು ಕಷ್ಟ. ಗ್ರೈಂಡ್ ಮಾಡದ ಒಂದು ಪಿನ್ ಉಳಿದಿದ್ದರೆ ಅದನ್ನೂ ಅದೇ ಬ್ಲಾಕಿನಲ್ಲಿ ತಿರುಗಿಸಿ ನೋಡಿ, ಆಮೇಲೆ ಅವರ ಹತ್ತಿರ ಮಾತಾಡಿ.