ಪದಚರ್ಚೆ: ರಷ್ಯಾದ ಮೀಸಲು ‘ಮುಟ್ಟುಗೋಲು’ ಆಯಿತು ಅನ್ನಬಹುದೇ?

ಸುಮಾ:
ಎಲ್ಲರಿಗೂ ನಮಸ್ಕಾರ. ಕೆಲವು ದೇಶಗಳು ತಮ್ಮ ವಿದೇಶಿ ವಿನಿಮಯ ಮೀಸಲಿನಲ್ಲಿ ಚಿನ್ನವನ್ನು ಯಾಕೆ ಹೆಚ್ಚಿಸಿಕೊಳ್ಳುತ್ತಿವೆ ಎಂದು ಒಂದು ಲೇಖನ ಬರೆಯುತ್ತಿದ್ದೇನೆ. ಶುರುವಿನಲ್ಲೇ ಒಂದು ಪದಕ್ಕೆ ಸಿಕ್ಕಿಕೊಂಡಿದ್ದೇನೆ. 2022ರ ಫೆಬ್ರವರಿ ಕೊನೆಯಲ್ಲಿ ಅಮೆರಿಕ, ಯುರೋಪಿಯನ್ ಒಕ್ಕೂಟ ಮತ್ತು ಅವುಗಳ ಮಿತ್ರ ದೇಶಗಳು ರಷ್ಯಾದ ಕೇಂದ್ರ ಬ್ಯಾಂಕಿನ ಮೀಸಲನ್ನು ಫ್ರೀಜ್ ಮಾಡಿದವು. ಒಟ್ಟು ಸುಮಾರು 63 ಸಾವಿರ ಕೋಟಿ ಡಾಲರ್ ಇತ್ತು, ಅದರಲ್ಲಿ ಹೆಚ್ಚುಕಡಿಮೆ ಅರ್ಧ ಸಿಕ್ಕಿಬಿತ್ತು. ಪತ್ರಿಕೆಗಳಲ್ಲಿ ಇದಕ್ಕೆ ‘ಮುಟ್ಟುಗೋಲು’, ‘ಜಪ್ತಿ’, ‘ಸ್ಥಗಿತ’ ಎಲ್ಲವನ್ನೂ ನೋಡಿದ್ದೇನೆ. ಮೂರೂ ಒಂದೇ ಅರ್ಥವೇ? ನನಗ್ಯಾಕೋ ಹಾಗನ್ನಿಸುತ್ತಿಲ್ಲ.

ನಾಗರಾಜ:
ನನ್ನ ಉಳಿತಾಯ ಖಾತೆಯನ್ನೂ ಒಮ್ಮೆ ಬ್ಯಾಂಕಿನವರು ಹೀಗೇ ಮಾಡಿದ್ದರು. ಯಾರೋ ಮೋಸಗಾರರು ಕಳಿಸಿದ ದುಡ್ಡು ನನ್ನ ಖಾತೆ ಮೂಲಕ ಹೋಗಿದೆ ಅಂತ ದೂರು ಬಂದಿತ್ತಂತೆ. ಬ್ಯಾಲೆನ್ಸ್ ಕಾಣುತ್ತಿತ್ತು, ತೆಗೆಯಲು ಆಗುತ್ತಿರಲಿಲ್ಲ. ಅರ್ಜಿ ಮೇಲೆ ಅರ್ಜಿ ಕೊಟ್ಟ ಮೇಲೆ ಬಿಟ್ಟರು. ನಾವು ಮನೆಯಲ್ಲಿ ‘ಅಕೌಂಟ್ ಲಾಕ್ ಆಗಿದೆ’ ಅಂತಲೇ ಹೇಳುತ್ತಿದ್ದೆವು. ಇಂಥ ಖಾತೆ ಬಿಡಿಸಿಕೊಳ್ಳುವುದು ಹೇಗೆ ಅಂತಲೂ ನಿಮ್ಮ ಲೇಖನದಲ್ಲಿ ಬರೆಯಿರಿ ಮೇಡಂ, ತುಂಬಾ ಜನಕ್ಕೆ ಬೇಕು.

ಪ್ರಕಾಶ:
‘ಮುಟ್ಟುಗೋಲು’ ಸರಿಯಾಗಿದೆ. ಕಿತ್ತುಕೊಂಡರು, ಅಷ್ಟೇ. ಅದಕ್ಕೇ ರಷ್ಯಾ 2022ರ ನಂತರ ರಾಶಿ ರಾಶಿ ಚಿನ್ನ ಕೊಂಡಿತು. ಮೀಸಲಿನಲ್ಲಿ ಚಿನ್ನದ ಪಾಲು ಅಲ್ಲಿಂದ ಈಚೆಗೆ ಎರಡು ಪಟ್ಟು ಆಗಿದೆ, ಲೆಕ್ಕ ನೋಡಿ. ಚಿನ್ನವನ್ನು ಯಾರೂ ಮುಟ್ಟುಗೋಲು ಹಾಕಲಾರರು.

ಇಂದಿರಾ:
ಸುಮಾ ಅವರೇ, ನಿಮ್ಮ ಅನುಮಾನ ಸರಿ. ನಾಗರಾಜ ಅವರು ಬೇರೆ ಪ್ರಶ್ನೆ ಎತ್ತಿದರೂ ಅವರ ಮಾತಿನಲ್ಲೇ ಉತ್ತರ ಇದೆ: ಬ್ಯಾಲೆನ್ಸ್ ಕಾಣುತ್ತದೆ, ತೆಗೆಯಲು ಆಗುವುದಿಲ್ಲ. ರಷ್ಯಾಕ್ಕೆ ಆಗಿರುವುದೂ ಅದೇ.

ಕೇಂದ್ರ ಬ್ಯಾಂಕು ಯೂರೋ ಬಾಂಡ್ ಕೊಂಡರೆ ಅದರ ಕಪಾಟಿಗೆ ಏನೂ ಬಂದು ಬೀಳುವುದಿಲ್ಲ. ಯಾರದ್ದು ಎಷ್ಟು ಅನ್ನುವ ಲೆಕ್ಕ ಬೇರೆಯವರ ಪುಸ್ತಕದಲ್ಲಿ ಇರುತ್ತದೆ. ರಷ್ಯಾದ ವಿಷಯದಲ್ಲಿ ಅದರ ಬಹುಪಾಲು ಬ್ರಸೆಲ್ಸ್‌ನ ಯೂರೋಕ್ಲಿಯರ್ ಸಂಸ್ಥೆಯಲ್ಲಿತ್ತು. ಈ ಖಾತೆಯಿಂದ ಏನನ್ನೂ ಕದಲಿಸಬೇಡಿ ಅಂತ ಆದೇಶ ಬಂತು. ಅಷ್ಟು ಸಾಕು. ಬಾಂಡ್ ಅವಧಿ ಮುಗಿದಾಗ ಬಂದ ದುಡ್ಡೂ ಅಲ್ಲೇ ಜಮೆಯಾಗುತ್ತಾ ಹೋಯಿತು. ಹೆಸರು ರಷ್ಯಾದ್ದೇ, ಒಡೆತನವೂ ರಷ್ಯಾದ್ದೇ. ಹಾಗಾಗಿ ಅಸಲು ಮೊತ್ತದ ಮಟ್ಟಿಗೆ ‘ತಡೆಹಿಡಿದರು’ ಅನ್ನುವುದು ಸರಿ.

ಇನ್ನು ಪ್ರಕಾಶ ಅವರ ಮಾತು. ಪಾಲು ಎರಡು ಪಟ್ಟು ಆದದ್ದು ನಿಜ. 2022ರ ಶುರುವಿನಲ್ಲಿ ಸುಮಾರು 21% ಇತ್ತು, 2025ರ ಕೊನೆಗೆ 40% ದಾಟಿತು. ಆದರೆ ಟನ್ ಲೆಕ್ಕ ನೋಡಿ. ಆಗಲೂ ಸುಮಾರು 2,300 ಟನ್, ಈಗಲೂ ಹೆಚ್ಚುಕಡಿಮೆ ಅಷ್ಟೇ. ಪಾಲು ಏರಿಸಿದ್ದು ಚಿನ್ನದ ಬೆಲೆ. ರಷ್ಯಾ ನಿಜವಾಗಿ ಕೊಂಡದ್ದು ಅದಕ್ಕೂ ಮೊದಲು. 2014ರಲ್ಲಿ ಕ್ರೈಮಿಯಾ ವಶಪಡಿಸಿಕೊಂಡು ಮೊದಲ ಸುತ್ತಿನ ನಿರ್ಬಂಧ ಬಂದಾಗ ಅದರ ಬಳಿ ಸುಮಾರು 1,000 ಟನ್ ಇತ್ತು. ಆರು ವರ್ಷ ಬಿಡದೆ ಕೊಂಡಿತು, 2020ರ ಏಪ್ರಿಲ್‌ನಲ್ಲಿ ನಿಲ್ಲಿಸಿತು. ನಡುವೆ 2018ರಲ್ಲಿ ಅಮೆರಿಕದ ಸರ್ಕಾರಿ ಬಾಂಡ್‌ಗಳನ್ನು ಎರಡೇ ತಿಂಗಳಲ್ಲಿ ಬಹುಪಾಲು ಮಾರಿಬಿಟ್ಟಿತು. ಏನೋ ಬರಲಿದೆ ಅಂತ ಅಂದಾಜು ಇತ್ತು ಅಲ್ವಾ? ಆದರೂ ಯೂರೋದಲ್ಲಿ ದೊಡ್ಡ ಮೊತ್ತ ಬಿಟ್ಟದ್ದು ಅದರ ದೊಡ್ಡ ತಪ್ಪು ಲೆಕ್ಕಾಚಾರ.

ಯಾವ ದೇಶದ ಅಂಕಿ ನೋಡುವಾಗಲೂ ಇದನ್ನು ನೆನಪಿಡಿ. ಪಾಲು ಏರಿದೆ ಅಂದ ಮಾತ್ರಕ್ಕೆ ಕೊಂಡಿದ್ದಾರೆ ಅಂತಲ್ಲ. ತೂಕ ಏರಿದೆಯೇ ಅಂತ ಕೇಳಿ.

ಪ್ರಕಾಶ:
ಟನ್ ಲೆಕ್ಕ ನಾನು ನೋಡಿರಲಿಲ್ಲ, ಸರಿ. ಹಾಗಾದರೆ 2022ರ ನಂತರ ಕೊಂಡವರು ಯಾರು? ವರ್ಷಕ್ಕೆ 1,000 ಟನ್ ದಾಟಿತು ಅಂತ ಎಲ್ಲ ಕಡೆ ಓದಿದ್ದೇನಲ್ಲ.

ಇಂದಿರಾ:
ಆ ಅಂಕಿ ಸರಿ. 2022, 2023, 2024, ಮೂರೂ ವರ್ಷ ಎಲ್ಲ ಕೇಂದ್ರ ಬ್ಯಾಂಕುಗಳು ಸೇರಿ ನಿವ್ವಳವಾಗಿ 1,000 ಟನ್‌ಗೂ ಜಾಸ್ತಿ ಕೊಂಡವು. ಅದಕ್ಕೆ ಹಿಂದಿನ ಹತ್ತು ವರ್ಷದ ಸರಾಸರಿಗೆ ಹೋಲಿಸಿದರೆ ಇದು ಸುಮಾರು ಎರಡು ಪಟ್ಟು. ಅಂದರೆ ಖಾತೆ ಸಿಕ್ಕಿಬಿದ್ದದ್ದು ರಷ್ಯಾದ್ದು, ಎಚ್ಚೆತ್ತವರು ನೋಡುತ್ತಿದ್ದವರು. ಚೀನಾ 2022ರ ನವೆಂಬರ್‌ನಿಂದ 18 ತಿಂಗಳು ಸತತವಾಗಿ ಖರೀದಿ ತೋರಿಸಿತು. ಟರ್ಕಿಯೂ ಜೋರಾಗಿ ಕೊಂಡಿತು. ಆದರೆ ಪೋಲೆಂಡ್ ಕೂಡ ದೊಡ್ಡ ಖರೀದಿದಾರ. ಅದು ಯುರೋಪಿಯನ್ ಒಕ್ಕೂಟದ ಸದಸ್ಯ, ಅದಕ್ಕೆ ಯಾರ ನಿರ್ಬಂಧದ ಭಯ? ಪಕ್ಕದಲ್ಲೇ ಯುದ್ಧ ಇದೆ ಅನ್ನುವ ಚಿಂತೆ ಅದರದ್ದು. ಹಾಗಾಗಿ ಸುಮಾ ಅವರೇ, 1,000 ಟನ್ ಪೂರ್ತಿ ನಿರ್ಬಂಧದ ಲೆಕ್ಕಕ್ಕೆ ಬರೆಯಬೇಡಿ.

‘ಚಿನ್ನವನ್ನು ಯಾರೂ ಮುಟ್ಟಲಾರರು’ ಅನ್ನುವುದು ಅದು ಎಲ್ಲಿದೆ ಅನ್ನುವುದರ ಮೇಲೆ ನಿಂತಿದೆ. ವೆನೆಜುವೆಲಾದ ಸುಮಾರು 31 ಟನ್ ಚಿನ್ನ ಲಂಡನ್ನಿನ ಬ್ಯಾಂಕ್ ಆಫ್ ಇಂಗ್ಲೆಂಡ್‌ನ ನೆಲಮಾಳಿಗೆಯಲ್ಲಿತ್ತು. ಮಡುರೊ ಸರ್ಕಾರ ವಾಪಸ್ ಕೇಳಿದಾಗ ಸಿಗಲಿಲ್ಲ. ಬ್ರಿಟನ್ ಆಗ ಅಲ್ಲಿನ ವಿರೋಧ ಪಕ್ಷದ ನಾಯಕ ಗುಆಯ್ಡೊ ಅವರನ್ನು ಅಧ್ಯಕ್ಷ ಎಂದು ಒಪ್ಪಿತ್ತು, ವಿಷಯ ಕೋರ್ಟಿಗೆ ಹೋಯಿತು. ಗಟ್ಟಿ ಚಿನ್ನವೇ ಆದರೂ ಬೇರೆಯವರ ಬೀಗದೊಳಗೆ ಇದ್ದರೆ ಬಾಂಡಿಗಿಂತ ಹೆಚ್ಚೇನೂ ಸುರಕ್ಷಿತವಲ್ಲ. ರಷ್ಯಾದ ಚಿನ್ನ ಉಳಿದದ್ದು ಅದು ರಷ್ಯಾದೊಳಗೇ ಇದ್ದದ್ದರಿಂದ.

ಉಳಿಯುವುದು ಬೇರೆ, ಉಪಯೋಗಕ್ಕೆ ಬರುವುದು ಬೇರೆ. 2022ರ ಮಾರ್ಚ್‌ನಲ್ಲೇ ಲಂಡನ್ ಚಿನ್ನದ ಮಾರುಕಟ್ಟೆಯ ಸಂಘ ರಷ್ಯಾದ ಆರು ಶುದ್ಧೀಕರಣ ಕಾರ್ಖಾನೆಗಳನ್ನು ತಾನು ಮಾನ್ಯ ಮಾಡಿದ ಕಾರ್ಖಾನೆಗಳ ಪಟ್ಟಿಯಿಂದ ಅಮಾನತು ಮಾಡಿತು. ಅವು ಹೊಸದಾಗಿ ತಯಾರಿಸುವ ಗಟ್ಟಿಗಳಿಗೆ ಅಲ್ಲಿ ಜಾಗ ಇಲ್ಲ. ಕೇಂದ್ರ ಬ್ಯಾಂಕಿನ ಚಿನ್ನದ ವ್ಯವಹಾರಕ್ಕೂ ನಿರ್ಬಂಧ ಅನ್ವಯಿಸುತ್ತದೆ ಎಂದು ಅಮೆರಿಕ ಅದೇ ತಿಂಗಳು ಹೇಳಿತು. ಬಾಂಡನ್ನು ಒಂದು ಸಂದೇಶ ಕಳಿಸಿ ಮಾರಬಹುದು. ಚಿನ್ನವನ್ನು ಹೊತ್ತು ಸಾಗಿಸಬೇಕು, ವಿಮೆ ಮಾಡಿಸಬೇಕು, ಹೆದರದೆ ಕೊಳ್ಳುವವರು ಸಿಗಬೇಕು. ಮೇಲಾಗಿ ಅದಕ್ಕೆ ಬಡ್ಡಿಯೂ ಹುಟ್ಟುವುದಿಲ್ಲ.

ವಿಶ್ವನಾಥ:
ಪದದ ವಿಷಯಕ್ಕೆ ಒಂದು ತಕರಾರು. ಇಂದಿರಾ ಮೇಡಂ ‘ತಡೆಹಿಡಿ’ ಅಂದರು. ಆದರೆ ನಮ್ಮ ಕೋರ್ಟು ಕಾಗದಗಳಲ್ಲಿ ‘ತಾತ್ಕಾಲಿಕ ಮುಟ್ಟುಗೋಲು’ ಅನ್ನುವ ಬಳಕೆ ಇದೆ. ಅಲ್ಲೂ ಆಸ್ತಿ ಮಾರುವಂತಿಲ್ಲ, ಒಡೆತನ ಮಾತ್ರ ಹೋಗಿರುವುದಿಲ್ಲ. ಹಾಗಾಗಿ ಮುಟ್ಟುಗೋಲು ಅಂದರೆ ಕಿತ್ತುಕೊಂಡರು ಅಂತಲೇ ಆಗಬೇಕಿಲ್ಲ. ‘ಜಪ್ತಿ’ ಮಾತ್ರ ಬೇಡವೇ ಬೇಡ.

ಸುಮಾ:
ಸರ್, ಕಾನೂನಿನ ಬಳಕೆ ಒಪ್ಪುತ್ತೇನೆ. ಆದರೆ ‘ಮುಟ್ಟುಗೋಲು’ ಅಂದ ಕೂಡಲೇ ಸಾಮಾನ್ಯ ಓದುಗರು ಪ್ರಕಾಶ ಅವರ ಹಾಗೆ ‘ಹೋಯಿತು’ ಅಂತಲೇ ಓದುತ್ತಾರೆ. ನಾನು ‘ತಡೆಹಿಡಿದರು’ ಅಂತ ಬರೆಯುತ್ತೇನೆ. ಆದರೆ ಇನ್ನೊಂದು ಕಡೆ ತೊಡಕಿದೆ. ಯೂರೋಕ್ಲಿಯರ್‌ನಲ್ಲಿ ಜಮೆಯಾದ ದುಡ್ಡಿನಿಂದ ಹುಟ್ಟಿದ ಲಾಭವನ್ನು 2024ರಿಂದ ಯುಕ್ರೇನಿಗೆ ಕೊಡುತ್ತಿದ್ದಾರೆ. ಅದಕ್ಕೂ ‘ತಡೆಹಿಡಿದ ಹಣ’ ಅಂದರೆ ತಪ್ಪಾಗುವುದಿಲ್ಲವೇ?

ಇಂದಿರಾ:
ತಪ್ಪಾಗುತ್ತದೆ. ಯುರೋಪಿಯನ್ ಒಕ್ಕೂಟದ ವಾದ ಹೀಗೆ: ಅಸಲು ರಷ್ಯಾದ್ದು, ಅದನ್ನು ಹೂಡಿ ಬಂದ ಲಾಭ ಯೂರೋಕ್ಲಿಯರ್‌ದು, ಅದರಲ್ಲಿ ನಾವು ಪಾಲು ತೆಗೆದುಕೊಳ್ಳುತ್ತೇವೆ. ರಷ್ಯಾ ಇದನ್ನು ಕಳ್ಳತನ ಅನ್ನುತ್ತದೆ. ಅಲ್ಲಿ ನೀವು ಯಾವ ಕ್ರಿಯಾಪದ ಹಾಕಿದರೂ ಒಂದು ಪಕ್ಷ ಹಿಡಿದಂತೆ ಆಗುತ್ತದೆ. ನಾನಾದರೆ ‘ಲಾಭವನ್ನು ಯುಕ್ರೇನಿಗೆ ಕೊಡುತ್ತಿದೆ’ ಅಂತಷ್ಟೇ ಬರೆದು, ಇಬ್ಬರ ವಾದವನ್ನೂ ಒಂದೊಂದು ಸಾಲಿನಲ್ಲಿ ಹೇಳುತ್ತೇನೆ.

ವಿಶ್ವನಾಥ:
ಅಸಲು ಎಷ್ಟು ವರ್ಷ ಸಿಕ್ಕಿಬಿದ್ದರೆ ‘ತಡೆ’ ಅನ್ನುವುದು ‘ಜಪ್ತಿ’ ಆಗುತ್ತದೆ, ಅದನ್ನೂ ಯಾರಾದರೂ ಹೇಳಿ. ನನಗೆ ಉತ್ತರ ಹೊಳೆಯುತ್ತಿಲ್ಲ.